ಯಾವ ಸೆಪ್ಟೆಂಬರ್‌ನ ಆದಾಯ?

ಸೆಪ್ಟೆಂಬರ್ ತಿಂಗಳ ಆದಾಯ ಎಷ್ಟು ಎಂದು ಒಂದೇ ಕಂಪನಿಯ ಮೂವರನ್ನು ಕೇಳಿ ನೋಡಿ. ಮಾರಾಟ ವಿಭಾಗದವರು ಆ ತಿಂಗಳು ಬಂದ ಆರ್ಡರುಗಳನ್ನು ಕೂಡಿಸಿ ಒಂದು ಅಂಕಿ ಹೇಳುತ್ತಾರೆ. ಗೋದಾಮಿನವರು ಗಿರಾಕಿಯ ಮನೆ ಸೇರಿದ ಮಾಲನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅಕೌಂಟ್ಸ್‌ನವರು ಜಿಎಸ್‌ಟಿ ಕಳೆದು, ವಾಪಸು ಬರಬಹುದಾದ ಮಾಲಿಗೂ ಅಂದಾಜಿನಲ್ಲಿ ಒಂದಿಷ್ಟು ತೆಗೆದಿಟ್ಟು ಮೂರನೆಯ ಅಂಕಿ ಕೊಡುತ್ತಾರೆ. ಮೂವರಲ್ಲಿ ಯಾರದ್ದೂ ತಪ್ಪಲ್ಲ. ತಿಂಗಳ ಮೊದಲ ತಾರೀಕು ಮ್ಯಾನೇಜರ್ ಮೇಜಿನ ಮೇಲೆ ಬೀಳುವ ವರದಿಯಲ್ಲಿ ಮಾತ್ರ ಒಂದೇ ಅಂಕಿ ಇರುತ್ತದೆ. ಅದನ್ನು ತೆಗೆಯುವುದು ಡೇಟಾಬೇಸಿಗೆ ಕಳಿಸುವ ಏಳೆಂಟು ಸಾಲಿನ ಒಂದು ಪ್ರಶ್ನೆ, ಅಂದರೆ ಕ್ವೆರಿ.

ಆ ಕ್ವೆರಿಯನ್ನು ಬರೆದ ಟೀಮ್ ಲೀಡ್ ಬೇರೆ ತಂಡಕ್ಕೆ ಹೊರಟಿದ್ದಾರೆ, ಜಾಗಕ್ಕೆ ಹೊಸ ಅನಲಿಸ್ಟ್ ಬಂದಿದ್ದಾರೆ ಎಂದುಕೊಳ್ಳಿ. ಹೋಗುವ ಮುನ್ನ ಲೀಡ್ ಒಂದು ಹ್ಯಾಂಡೋವರ್ ಟಿಪ್ಪಣಿ ಬರೆದಿಡಬೇಕು. ಸಾಮಾನ್ಯವಾಗಿ ಈ ಟಿಪ್ಪಣಿಗಳಲ್ಲಿ ಇರುವುದು ಕ್ವೆರಿ ಯಾವ ಫೋಲ್ಡರಿನಲ್ಲಿದೆ, ಪಾಸ್‌ವರ್ಡ್ ಯಾರ ಹತ್ತಿರ ಕೇಳಬೇಕು, ವರದಿ ಯಾರಿಗೆ ಮೇಲ್ ಮಾಡಬೇಕು ಎಂಬಷ್ಟೇ. ಅವೆಲ್ಲ ಕೇಳಿದರೆ ಸಿಗುವಂಥವು. ಕೇಳಬೇಕೆಂದೇ ಹೊಳೆಯದ ಸಂಗತಿಗಳು ಬೇರೆ ಇವೆ. ಕ್ವೆರಿ ಬರೆಯುವಾಗ ‘ಇದು ಹೀಗೇ ಇರುತ್ತದೆ’ ಎಂದು ನಂಬಿಕೊಂಡ ಮಾತುಗಳು ಅವು.

ಉದಾಹರಣೆಗೆ ಬೆಂಗಳೂರಿನಿಂದ ಆನ್‌ಲೈನಿನಲ್ಲಿ ಏಸಿ, ಮಿಕ್ಸಿ ಮಾರುವ ಒಂದು ಕಲ್ಪಿತ ಅಂಗಡಿಯನ್ನು ಇಟ್ಟುಕೊಳ್ಳೋಣ. ಅದರ ತಿಂಗಳ ಆದಾಯದ ಕ್ವೆರಿ ಹೀಗಿದೆ:

```sql
SELECT SUM(i.amount / (1 + p.gst_rate / 100.0))
FROM orders o
JOIN order_items i ON i.order_id = o.order_id
JOIN products p ON p.product_id = i.product_id
WHERE o.status = 'DELIVERED'
  AND o.delivered_at >= '2025-09-01'
  AND o.delivered_at <  '2025-10-01';
```

ಓದಲು ಕಷ್ಟವೇನಿಲ್ಲ. ಸೆಪ್ಟೆಂಬರಿನಲ್ಲಿ ಡೆಲಿವರಿ ಆದ ಆರ್ಡರುಗಳನ್ನು ತೆಗೆದುಕೋ, ಒಂದೊಂದು ವಸ್ತುವಿನ ಬೆಲೆಯಿಂದ ಜಿಎಸ್‌ಟಿ ಬಿಡಿಸು, ಉಳಿದದ್ದನ್ನು ಕೂಡಿಸು ಎನ್ನುತ್ತದೆ ಅದು. ಆರ್ಡರ್ ಬಂದ ದಿನ ಬಿಟ್ಟು ಡೆಲಿವರಿಯ ದಿನ ಹಿಡಿದದ್ದಕ್ಕೆ ಕಾರಣ ಇದೆ. ದೊಡ್ಡ ಕಂಪನಿಗಳು 2018ರ ಏಪ್ರಿಲ್‌ನಿಂದ ಪಾಲಿಸುತ್ತಿರುವ ಇಂಡ್ ಎಎಸ್ 115 ಎಂಬ ಲೆಕ್ಕದ ನಿಯಮದ ಪ್ರಕಾರ, ಮಾಲಿನ ಮೇಲಿನ ಹಿಡಿತ ಗಿರಾಕಿಗೆ ದಾಟಿದಾಗಲೇ ಅದು ಆದಾಯ. ಮನೆ ಬಾಗಿಲಲ್ಲಿ ‘ಬೇಡ’ ಎಂದು ವಾಪಸಾಗುವ ಕ್ಯಾಶ್ ಆನ್ ಡೆಲಿವರಿ ಆರ್ಡರುಗಳು ಎಷ್ಟಿರುತ್ತವೆ ಎಂದು ಬಲ್ಲವರಿಗೆ ಈ ನಿಯಮದ ಜಾಣತನ ತಿಳಿಯುತ್ತದೆ. ಇಷ್ಟನ್ನು ಹೊಸಬರು ತಾವಾಗಿಯೇ ಊಹಿಸಿಯಾರು. ತೊಡಕು ಶುರುವಾಗುವುದು ಆಮೇಲೆ.

ಈ ಡೇಟಾಬೇಸ್ ಸಮಯವನ್ನು ಬರೆದಿಡುವುದು ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಕ್ವೆರಿಯಲ್ಲಿರುವ ಸೆಪ್ಟೆಂಬರ್ ಮೊದಲಾಗುವುದು ನಮ್ಮ ಮಧ್ಯರಾತ್ರಿಗಲ್ಲ, ಒಂದನೇ ತಾರೀಕಿನ ಬೆಳಗಿನ ಜಾವ 5.30ಕ್ಕೆ. ಚುರುಕಾದ ಯಾವ ಅನಲಿಸ್ಟ್ ಆದರೂ ಮೊದಲ ವಾರದಲ್ಲೇ ಇದನ್ನು ಹಿಡಿಯುತ್ತಾರೆ, ಸಮಯವನ್ನು `Asia/Kolkata`ಕ್ಕೆ ಬದಲಿಸಿ ತಪ್ಪು ತಿದ್ದಿದೆವೆಂದು ಸಮಾಧಾನಪಡುತ್ತಾರೆ. ಆ ತಿಂಗಳ ಕೊನೆಯ ದಿನದ ಇಡೀ ಮಾರಾಟ ಮುಂದಿನ ತಿಂಗಳಿಗೆ ಜಾರುತ್ತದೆ.

ಇದು ಹೇಗೆ? `delivered_at` ಎಂಬ ಅಂಕಣದಲ್ಲಿರುವುದು ಹುಡುಗ ಬಂದು ಬಾಗಿಲು ತಟ್ಟಿದ ಸಮಯವಲ್ಲ. ಕೊರಿಯರ್ ಕಂಪನಿ ಆ ದಿನದ ಡೆಲಿವರಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ರಾತ್ರಿ ಒಂದು ಗಂಟೆಗೆ ಕಳಿಸುತ್ತದೆ. ಫೈಲ್ ಡೇಟಾಬೇಸಿಗೆ ಸೇರಿದ ಹೊತ್ತೇ ಡೆಲಿವರಿ ಹೊತ್ತೆಂದು ದಾಖಲಾಗುತ್ತದೆ. ಸೆಪ್ಟೆಂಬರ್ 30ರಂದು ಮಧ್ಯಾಹ್ನ ಮಲ್ಲೇಶ್ವರದ ಮನೆಗೆ ತಲುಪಿದ ಏಸಿಗೆ ನಮ್ಮ ಗಡಿಯಾರದಲ್ಲಿ ಬೀಳುವ ಮುದ್ರೆ ಅಕ್ಟೋಬರ್ 1, ರಾತ್ರಿ ಒಂದು ಗಂಟೆ. ಯುಟಿಸಿಯಲ್ಲಿ ಅದೇ ಕ್ಷಣ ಸೆಪ್ಟೆಂಬರ್ 30, ಸಂಜೆ ಏಳೂವರೆ. ಹಾಗಾಗಿ ಆ ಏಸಿ ಸೆಪ್ಟೆಂಬರಿಗೇ ಸೇರುತ್ತದೆ, ಸೇರಬೇಕಾದದ್ದೂ ಅಲ್ಲಿಗೇ. ಎರಡು ತಪ್ಪುಗಳು ಒಂದನ್ನೊಂದು ಅಳಿಸಿಕೊಂಡು ಸರಿ ಉತ್ತರ ಬರುತ್ತಿದೆ. ಇದನ್ನು ಯಾರೂ ಯೋಜಿಸಿ ಮಾಡಿದ್ದಲ್ಲದಿರಬಹುದು, ಆದರೆ ಲೀಡ್‌ಗೆ ಗೊತ್ತಿದೆ. ಕ್ವೆರಿಯನ್ನು ನೂರು ಸಲ ಓದಿದರೂ ಹೊಸಬರಿಗೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಕೊರಿಯರ್ ಫೈಲ್ ಬರುವ ಹೊತ್ತು ಕ್ವೆರಿಯಲ್ಲಿ ಇಲ್ಲವೇ ಇಲ್ಲ. ಟಿಪ್ಪಣಿಯಲ್ಲಿ ಇದನ್ನು ಹೀಗೆ ಬರೆಯಬಹುದು:

“ತಿಂಗಳ ಗಡಿ ಯುಟಿಸಿಯಲ್ಲಿದೆ. ನೋಡಿದರೆ ತಪ್ಪು ಎನಿಸುತ್ತದೆ, ಆದರೆ ದಯವಿಟ್ಟು ಬದಲಿಸಬೇಡಿ. ಕೊರಿಯರ್ ಫೈಲ್ ನಮ್ಮ ರಾತ್ರಿ ಒಂದಕ್ಕೆ ಬರುತ್ತದೆ ಎಂಬ ನಂಬಿಕೆಯ ಮೇಲೆ ಇದು ನಿಂತಿದೆ. ಫೈಲ್ ಬೆಳಗಿನ 5.30 ದಾಟಿ ಬರತೊಡಗಿದರೆ ತಿಂಗಳ ಕೊನೆಯ ದಿನದ ಮಾರಾಟ ಮುಂದಿನ ತಿಂಗಳಿಗೆ ಹೋಗುತ್ತದೆ. ಪ್ರತಿ ತಿಂಗಳೂ ವರದಿಗೆ ಮುಂಚೆ ಕೆಳಗಿನದನ್ನು ಓಡಿಸಿ ನೋಡಿ. ಎಲ್ಲ ಸಾಲುಗಳೂ 19ನೇ ಗಂಟೆಯಲ್ಲೇ ಇರಬೇಕು. 0 ಅಥವಾ 1 ಕಂಡರೆ ವರದಿ ಕಳಿಸುವುದನ್ನು ನಿಲ್ಲಿಸಿ, ಗೋದಾಮಿನವರಿಗೆ ಫೋನ್ ಮಾಡಿ.”

```sql
SELECT EXTRACT(HOUR FROM delivered_at) AS hr, COUNT(*)
FROM orders
WHERE delivered_at >= '2025-09-01'
GROUP BY 1 ORDER BY 1;
```

ಈ ನಾಲ್ಕು ಮಾತುಗಳಲ್ಲಿ ಏನೇನಿದೆ ಗಮನಿಸಿ. ನಂಬಿಕೆ ಏನು, ಅದು ಎಲ್ಲಿ ಮುರಿಯಬಹುದು, ಮುರಿದರೆ ಎಷ್ಟು ದೊಡ್ಡ ಪೆಟ್ಟು, ಮುರಿದದ್ದು ಗೊತ್ತಾಗುವುದು ಹೇಗೆ. ‘ಸಮಯ ಯುಟಿಸಿಯಲ್ಲಿದೆ’ ಎಂದಷ್ಟೇ ಬರೆದು ಬಿಟ್ಟ ಟಿಪ್ಪಣಿಯನ್ನು ಓದಿ ಹೊಸಬರು ‘ಹಾಗಾದರೆ ತಿದ್ದಬೇಕು’ ಎಂದುಕೊಳ್ಳುವ ಸಂಭವವೇ ಹೆಚ್ಚು. ಅಂಥ ಟಿಪ್ಪಣಿ ಇಲ್ಲದಿರುವುದೇ ವಾಸಿ.

ಎರಡನೆಯ ನಂಬಿಕೆ ಇನ್ನೂ ಕಳ್ಳ ಜಾತಿಯದು. ಕ್ವೆರಿ ಜಿಎಸ್‌ಟಿ ದರವನ್ನು `products` ಟೇಬಲ್ಲಿನಿಂದ ತರುತ್ತದೆ. ಆ ಟೇಬಲ್ಲಿನಲ್ಲಿರುವುದು ಇವತ್ತಿನ ದರ. ವರದಿ ಮಾತಾಡುವುದು ಕಳೆದ ತಿಂಗಳ ಬಗ್ಗೆ. ದರ ಬದಲಾಗದಿರುವ ತನಕ ಎರಡೂ ಒಂದೇ ಆಗಿರುವುದರಿಂದ ವ್ಯತ್ಯಾಸ ಕಾಣುವುದಿಲ್ಲ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಏಸಿಯ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಮಿಕ್ಸಿಯದು ಮೊದಲಿನಂತೆ 18ರಲ್ಲೇ ಉಳಿಯಿತು. ನಮ್ಮ ಅಂಗಡಿಯವರೂ ಅಂದು `products` ಟೇಬಲ್ಲಿನಲ್ಲಿ ಏಸಿಯ ದರವನ್ನು 18 ಮಾಡಿದರು. ಮಾಡಲೇಬೇಕಿತ್ತು.

ಈಗ ಒಂದು ಏಸಿಯ ಲೆಕ್ಕ ನೋಡೋಣ. ಸೆಪ್ಟೆಂಬರ್ 10ರಂದು ಬಿಲ್ ಆಗಿ ಅದೇ ವಾರ ಡೆಲಿವರಿಯೂ ಆದ ಏಸಿಗೆ ಗಿರಾಕಿ ಕೊಟ್ಟದ್ದು 38,400 ರೂಪಾಯಿ. ಅದರಲ್ಲಿ 28ರ ದರದಂತೆ ತೆರಿಗೆ 8,400, ಅಂಗಡಿಯ ಆದಾಯ 30,000. ಅಕ್ಟೋಬರ್ ಒಂದರಂದು ಓಡುವ ಕ್ವೆರಿಗೆ 28 ಎಂಬುದೊಂದು ದರವಿತ್ತೆಂದೇ ಗೊತ್ತಿಲ್ಲ. ಅದು 38,400ನ್ನು 1.18ರಿಂದ ಭಾಗಿಸಿ 32,542 ರೂಪಾಯಿ ಎನ್ನುತ್ತದೆ. ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ 2,542 ರೂಪಾಯಿಯನ್ನು ಅಂಗಡಿಯ ಆದಾಯವೆಂದು ತೋರಿಸುತ್ತದೆ. ಇಂಥ ನೂರು ಏಸಿಗೆ ಎರಡೂವರೆ ಲಕ್ಷ. ಕ್ವೆರಿಯ ಒಂದಕ್ಷರವೂ ಬದಲಾಗಿಲ್ಲ, ಯಾವ ಎರರ್ ಸಂದೇಶವೂ ಬರುವುದಿಲ್ಲ. ಆದಾಯ ಏರಿದಂತೆ ಕಾಣುವುದರಿಂದ ಯಾರೂ ಪ್ರಶ್ನೆಯನ್ನೂ ಕೇಳುವುದಿಲ್ಲ. ಅಂಕಿ ಇಳಿದಾಗ ಮಾತ್ರ ಕ್ವೆರಿಯನ್ನು ಅನುಮಾನಿಸುವುದು ಆಫೀಸುಗಳ ಹಳೆಯ ರೋಗ.

ದಿನಾಂಕ ನೋಡಿ ದರ ಹಾಕಿದರೆ ಸರಿಹೋಗುವುದೇ ಎಂದರೆ ಅದೂ ಅರ್ಧ ಪರಿಹಾರ. ಸೆಪ್ಟೆಂಬರ್ 20ಕ್ಕೆ ಬಿಲ್ ಆಗಿ, ಹಣವೂ ಸಂದಾಯವಾಗಿ, 24ಕ್ಕೆ ಮನೆ ಸೇರಿದ ಏಸಿಗೆ ಹಳೆಯ ದರವೇ ಅನ್ವಯ. ಡೆಲಿವರಿಯ ದಿನ ಹಿಡಿದು ಹೊರಟರೆ 18 ಹಾಕಿಬಿಡುತ್ತೇವೆ. ನಂಬಬಹುದಾದ ದರ ಒಂದೇ, ಗಿರಾಕಿಯ ಬಿಲ್ಲಿನಲ್ಲಿ ಅಚ್ಚಾದದ್ದು. ಅದನ್ನು ಮಾರಾಟದ ಸಾಲಿನಲ್ಲೇ, ಅಂದರೆ `order_items`ನಲ್ಲಿ, ಬರೆದಿಟ್ಟುಕೊಂಡು ಕ್ವೆರಿಯಲ್ಲಿ `p.gst_rate` ಬದಲು `i.gst_rate` ಎಂದು ಹಾಕಬೇಕು. ಆ ಅಂಕಣ ಇನ್ನೂ ಇಲ್ಲವಾದರೆ ಲೀಡ್ ಟಿಪ್ಪಣಿಯಲ್ಲಿ ನೇರವಾಗಿ ಹೇಳಬೇಕು: “ದರ ಬದಲಾದ ತಿಂಗಳಲ್ಲಿ ಈ ಕ್ವೆರಿಯ ಅಂಕಿ ಕೊಡಬೇಡಿ. ಅಕೌಂಟ್ಸ್‌ನವರ ಬಿಲ್ ಪಟ್ಟಿಯಿಂದ ತೆಗೆಯಿರಿ.”

ಅದೇ ಕಾಯಿಲೆಯ ಇನ್ನೊಂದು ಮುಖ `status = 'DELIVERED'` ಎಂಬಲ್ಲಿದೆ. ಸೆಪ್ಟೆಂಬರಿನಲ್ಲಿ ಕೊಂಡ ಮಿಕ್ಸಿಯನ್ನು ಗಿರಾಕಿ ಅಕ್ಟೋಬರಿನಲ್ಲಿ ವಾಪಸು ಕಳಿಸಿದರೆ ಆ ಆರ್ಡರಿನ ಸ್ಥಿತಿ `RETURNED` ಆಗುತ್ತದೆ. ನವೆಂಬರಿನಲ್ಲಿ ಯಾರಾದರೂ ಸೆಪ್ಟೆಂಬರ್ ಕ್ವೆರಿಯನ್ನು ಮತ್ತೆ ಓಡಿಸಿದರೆ ಆ ಮಿಕ್ಸಿ ಮಾಯ. ಮುಗಿದ ತಿಂಗಳ ಆದಾಯ ತಾನಾಗಿ ಕುಗ್ಗುತ್ತಾ ಹೋಗುತ್ತದೆ. ಅತ್ತ ಅಕೌಂಟ್ಸ್‌ನವರು ಅದೇ ಮಿಕ್ಸಿಗೆ ಅಕ್ಟೋಬರಿನಲ್ಲಿ ಕ್ರೆಡಿಟ್ ನೋಟ್ ಬರೆದು ಅಕ್ಟೋಬರಿನಿಂದ ಕಳೆದಿರುತ್ತಾರೆ. ಇಬ್ಬರ ಅಂಕಿಗಳೂ ಎರಡು ತಿಂಗಳಲ್ಲೂ ತಾಳೆಯಾಗುವುದಿಲ್ಲ. ಇಲ್ಲಿ ಸರಿ ತಪ್ಪಿಗಿಂತ ಆಯ್ಕೆಯ ಪ್ರಶ್ನೆ ಇದೆ. ಯಾವ ಏಸಿ ಮಾದರಿ ಹೆಚ್ಚು ವಾಪಸು ಬರುತ್ತದೆ ಎಂದು ತಿಳಿಯಲು ಹೊರಟವರಿಗೆ ಮಾರಿದ ತಿಂಗಳಿನಿಂದ ಕಳೆಯುವುದೇ ಸರಿ. ತಿಂಗಳ ವರದಿಗೆ ವಾಪಸು ಬಂದ ತಿಂಗಳಿನಿಂದ ಕಳೆಯುವುದು ಒಳ್ಳೆಯದು, ಮ್ಯಾನೇಜರ್ ಒಮ್ಮೆ ನೋಡಿದ ಅಂಕಿ ಆಮೇಲೆ ಅಲುಗಾಡಬಾರದು. ಯಾವುದನ್ನು ಆರಿಸಿದ್ದೇವೆ, ಯಾರನ್ನು ಕೇಳಿ ಆರಿಸಿದೆವು ಎಂಬುದು ಟಿಪ್ಪಣಿಯಲ್ಲಿ ಇರಬೇಕು. ಲೀಡ್ ಹೋದ ಮೇಲೆ ಅದನ್ನು ಹೇಳುವವರು ಯಾರೂ ಉಳಿದಿರುವುದಿಲ್ಲ.

ಈ ಎರಡೂ ದೋಷಗಳನ್ನು ಹಿಡಿಯಲು ಒಂದೇ ಪರೀಕ್ಷೆ ಸಾಕು. ಪ್ರತಿ ತಿಂಗಳು ಕಳಿಸಿದ ಅಂಕಿಯನ್ನು ಬೇರೊಂದು ಟೇಬಲ್ಲಿನಲ್ಲಿ ತಾರೀಕಿನ ಸಮೇತ ಕೂಡಿಡಿ. ಮುಂದಿನ ತಿಂಗಳು ಹೊಸ ವರದಿಗೆ ಮುಂಚೆ ಹಿಂದಿನ ತಿಂಗಳ ಕ್ವೆರಿಯನ್ನು ಮತ್ತೆ ಓಡಿಸಿ ಹೋಲಿಸಿ. ಆಗಸ್ಟ್ ಮುಗಿದಿದೆ, ಅದರ ಮಾರಾಟಕ್ಕೆ ಹೊಸದೇನೂ ಸೇರಬಾರದು. ಅಂಕಿ ಇಳಿದಿದ್ದರೆ ವಾಪಸಾದ ಮಾಲನ್ನು ಹುಡುಕಿ. ಏರಿದ್ದರೆ ತೆರಿಗೆ ದರವನ್ನು ನೋಡಿ. ಇಳಿತವೂ ಏರಿಕೆಯೂ ಒಟ್ಟಿಗೆ ಆಗಿ ಮೊತ್ತ ಹಾಗೇ ಉಳಿಯಬಹುದಾದ್ದರಿಂದ ಏಸಿ, ಮಿಕ್ಸಿಗಳನ್ನು ಬೇರೆ ಬೇರೆಯಾಗಿ ಹೋಲಿಸುವುದು ಕ್ಷೇಮ.

ಇಷ್ಟೆಲ್ಲ ಮಾಡಿದರೂ ಈ ಅಂಕಿ ಕಂಪನಿಯ ಲೆಕ್ಕಪುಸ್ತಕದ ಆದಾಯಕ್ಕೆ ಪೈಸೆಗೆ ಪೈಸೆ ಹೊಂದುವುದಿಲ್ಲ. ಮುಂದೆ ವಾಪಸು ಬರಬಹುದಾದ ಮಾಲಿಗೆ ಅಕೌಂಟ್ಸ್‌ನವರು ಮೊದಲೇ ಅಂದಾಜು ಕಳೆಯುತ್ತಾರೆ, ಕ್ವೆರಿ ಕಳೆಯುವುದಿಲ್ಲ. ಇದನ್ನೂ ಟಿಪ್ಪಣಿಯಲ್ಲಿ ಬರೆದಿಟ್ಟರೆ ಹೊಸಬರು ಇಲ್ಲದ ತಪ್ಪನ್ನು ಹುಡುಕುತ್ತಾ ರಾತ್ರಿ ಆಫೀಸಿನಲ್ಲಿ ಕೂರುವುದು ತಪ್ಪುತ್ತದೆ.

ಇಂಥ ಕ್ವೆರಿಯೊಂದು ನಿಮ್ಮ ಕೈಯಲ್ಲೂ ಇದ್ದರೆ ಟಿಪ್ಪಣಿ ಬರೆಯಲು ಆಫೀಸಿನ ಕೊನೆಯ ದಿನದವರೆಗೆ ಕಾಯಬೇಡಿ. ಈ ತಿಂಗಳ ವರದಿ ಕಳಿಸಿದ ದಿನವೇ ಬರೆಯಿರಿ, ಪ್ರತಿ ಸಾಲಿನ ಮುಂದೆ ತಾರೀಕು ಹಾಕಿ. ‘ಏಸಿಗೆ ಜಿಎಸ್‌ಟಿ ಶೇಕಡ 28’ ಎಂಬ ಸಾಲು 2025ರ ಆಗಸ್ಟಿನಲ್ಲಿ ಸರಿಯಾಗಿತ್ತು.