ಒಂದು ಟೇಪು, ಹನ್ನೆರಡು ವರ್ಷ

‘ಅಲ್ಲ ಕಣೇ, ಬೆಳಿಗ್ಗೆ ಬಟ್ಟೆ ಹೊಲೀತಿದ್ದ ನಿನ್ನಮ್ಮ ಸಂಜೆಗೆ ಸೈಕಲ್ ಹೊಡೆಯೋಕೆ ಹೋದ್ರಾ?’

ನನ್ನ ಕಿರುಚಿತ್ರದ ಮೊದಲ ಪ್ರದರ್ಶನ ನಡೆದದ್ದು ಹಾಸ್ಟೆಲ್ ಕೋಣೆಯಲ್ಲಿ, ಲ್ಯಾಪ್‌ಟಾಪ್ ಮುಂದೆ ಕೂತ ಏಳು ಗೆಳತಿಯರ ಎದುರು. ಎಂಟು ನಿಮಿಷದ ಸಿನಿಮಾ. ಐದನೇ ನಿಮಿಷಕ್ಕೆ ಬಂದ ಈ ಪ್ರಶ್ನೆ ಕೇಳಿ ಮಿಕ್ಕವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಆ ಜಾಗದಲ್ಲಿ ನನ್ನ ಕಥೆ 12 ವರ್ಷ ಮುಂದೆ ಹೋಗಿತ್ತು. ಏಳರಲ್ಲಿ ಆರು ಜನರಿಗೆ ಅದು ಗೊತ್ತೇ ಆಗಿರಲಿಲ್ಲ.

ಕಥೆ ನಮ್ಮ ಮನೆಯದ್ದೇ. ಅಮ್ಮ ಟೈಲರ್. ಮೊದಲ ಭಾಗದಲ್ಲಿ ಒಂಬತ್ತು ವರ್ಷದ ಮಗಳಿಗೆ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಾಳೆ. ಎರಡನೇ ಭಾಗದಲ್ಲಿ ಅಮ್ಮನ ಕಣ್ಣು ಮಂಜಾಗಿದೆ, ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಬೆಳೆದ ಮಗಳು ಅಮ್ಮನಿಗೆ ರವಿಕೆ ಹೊಲಿಯಲು ಕೂರುತ್ತಾಳೆ. ಅಮ್ಮನ ಪಾತ್ರ ಅಮ್ಮನದ್ದೇ. ಪುಟ್ಟ ಮಗಳು ನನ್ನ ಚಿಕ್ಕಮ್ಮನ ಮಗಳು, ದೊಡ್ಡ ಮಗಳು ನಾನು. ಎರಡು ಭಾಗಗಳ ನಡುವೆ ‘ಹನ್ನೆರಡು ವರ್ಷಗಳ ನಂತರ’ ಎಂದು ಅಕ್ಷರ ಹಾಕುವುದು ನನಗೆ ಇಷ್ಟವಿರಲಿಲ್ಲ. ಮ್ಯಾಚ್ ಕಟ್ ಮಾಡಬೇಕೆಂಬ ಆಸೆ.

ಮ್ಯಾಚ್ ಕಟ್ ಎಂದರೆ ಒಂದು ಶಾಟ್‌ನ ಕೊನೆಯಲ್ಲಿರುವ ಆಕಾರ, ಚಲನೆ ಅಥವಾ ಮಾತಿಗೆ ಮುಂದಿನ ಶಾಟ್‌ನ ಆರಂಭವನ್ನು ಹೊಂದಿಸಿ ಕತ್ತರಿಸುವುದು. ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ (1968) ನೋಡಿದವರಿಗೆ ನೆನಪಿರಬಹುದು. ಆದಿಕಾಲದ ವಾನರ ಆಕಾಶಕ್ಕೆ ಎಸೆದ ಮೂಳೆ ತಿರುಗುತ್ತಾ ಕೆಳಗಿಳಿಯುತ್ತದೆ. ಮರುಕ್ಷಣ ಅದೇ ಥರದ ಉದ್ದನೆಯ ಬಾಹ್ಯಾಕಾಶ ನೌಕೆ ಕಾಣುತ್ತದೆ. ಲಕ್ಷಾಂತರ ವರ್ಷಗಳು ಒಂದೇ ಕಟ್‌ನಲ್ಲಿ ಮುಗಿದವು. ನಾನೂ ಅದನ್ನೇ ಮಾಡಿದೆ ಅಂದುಕೊಂಡಿದ್ದೆ. ತಿರುಗುವ ಹೊಲಿಗೆ ಯಂತ್ರದ ಚಕ್ರದಿಂದ, ಕಾಲೇಜಿಗೆ ಹೊರಟ ಮಗಳ ತಿರುಗುವ ಸೈಕಲ್ ಚಕ್ರಕ್ಕೆ ಕಟ್. ನೋಡಲು ಚಂದವೇ ಇತ್ತು.

ಮೊದಲಿಗೆ ನಾನು ಕಂಡುಕೊಂಡ ಮದ್ದು ಡಿಸಾಲ್ವ್. ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವ ಈ ಟ್ರಾನ್ಸಿಷನ್ ಬಂದರೆ ಸಮಯ ಸರಿಯಿತು ಎಂದು ನೋಡುಗರಿಗೆ ಅಭ್ಯಾಸಬಲದಿಂದಲೇ ಗೊತ್ತಾಗುತ್ತದೆ. ಬರೀ ಕಟ್ ಇದ್ದಾಗ ಹಾಗಲ್ಲ. ಬೇರೆ ಸುಳಿವು ಇಲ್ಲದಿದ್ದರೆ ಕಥೆ ಹಾಗೇ ಮುಂದುವರಿಯಿತು ಎಂದೇ ನಾವು ತಿಳಿಯುತ್ತೇವೆ. ಒಂದು ಸೆಕೆಂಡಿನ ಡಿಸಾಲ್ವ್ ಹಾಕಿ ಮತ್ತೆ ತೋರಿಸಿದೆ. ಈಗ ಎಲ್ಲರಿಗೂ ಸಮಯ ಸರಿದದ್ದು ಗೊತ್ತಾಯಿತು. ‘ಎಷ್ಟು?’ ಎಂದು ಕೇಳಿದೆ. ‘ಒಂದು ವಾರ?’ ಎಂದಳು ಒಬ್ಬಳು. ಜೊತೆಗೆ, ತಿರುಗುತ್ತಿರುವ ಎರಡು ಚಕ್ರಗಳು ಒಂದರ ಮೇಲೊಂದು ಕೂತು ಚಿತ್ರ ಕಲಸಿಹೋಗಿತ್ತು.

ಆಮೇಲೆ ಆರ್ಸನ್ ವೆಲ್ಸ್ ಅವರ ‘ಸಿಟಿಜನ್ ಕೇನ್’ (1941) ಚಿತ್ರದ ತಿಂಡಿ ಮೇಜಿನ ದೃಶ್ಯವನ್ನು ಹತ್ತಾರು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಗಂಡ, ಹೆಂಡತಿ, ತಿಂಡಿ ಮೇಜು. ಕ್ಯಾಮೆರಾ ಸರ್ರನೆ ಹೊರಳಿ ಚಿತ್ರ ಮಸುಕಾದಾಗಲೆಲ್ಲ ಒಂದಷ್ಟು ಕಾಲ ದಾಟುತ್ತದೆ. ಎರಡೇ ನಿಮಿಷಗಳ ಆಸುಪಾಸಿನಲ್ಲಿ ಒಂದು ದಾಂಪತ್ಯ ಹಳಸಿಹೋಗುತ್ತದೆ. ಕೊನೆಯಲ್ಲಿ ಹೆಂಡತಿ ಗಂಡನ ಎದುರಾಳಿ ಪತ್ರಿಕೆಯನ್ನು ಓದುತ್ತಾ ಕೂತಿರುತ್ತಾಳೆ. ಪ್ರತಿ ಸಲವೂ ಮೇಜು ಅದೇ, ಜನ ಅವರೇ. ಬದಲಾಗುವುದು ಉಡುಪು, ದನಿ ಮತ್ತು ಅವರಿಬ್ಬರ ನಡುವಿನ ದೂರ.

ನನ್ನ ತಪ್ಪು ಅಲ್ಲಿ ಕಂಡಿತು. ಮ್ಯಾಚ್ ಕಟ್ ‘ಇದಕ್ಕೂ ಅದಕ್ಕೂ ಸಂಬಂಧವಿದೆ’ ಎಂದಷ್ಟೇ ಹೇಳುತ್ತದೆ. ‘ಇಷ್ಟು ವರ್ಷ ಆಯಿತು’ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಅದನ್ನು ಹೇಳಬೇಕಾದದ್ದು ಚೌಕಟ್ಟಿನೊಳಗೆ ಬದಲಾದ ವಸ್ತು. ಹೊಲಿಗೆ ಚಕ್ರಕ್ಕೂ ಸೈಕಲ್ ಚಕ್ರಕ್ಕೂ ದುಂಡಗಿವೆ ಎನ್ನುವುದು ಬಿಟ್ಟರೆ ನನ್ನ ಕಥೆಯಲ್ಲಿ ಯಾವ ನಂಟೂ ಇರಲಿಲ್ಲ. ಇನ್ನು ಅಮ್ಮ? ಎರಡೂ ಭಾಗದಲ್ಲಿ ಡೈ ಹಚ್ಚಿದ ಅದೇ ಕಪ್ಪು ಕೂದಲು, ಅದೇ ಸೀರೆ. ವಯಸ್ಸಾಗದ ಅಮ್ಮನ ಮುಂದೆ 12 ವರ್ಷ ಕಳೆದವು ಎಂದರೆ ಯಾರು ನಂಬುತ್ತಾರೆ?

ಹಾಗಾಗಿ ಎರಡೂ ಕಾಲದಲ್ಲಿ ನಡೆಯುವ, ಆದರೆ ಮಾಡುವವರು ಬದಲಾಗುವ ಒಂದು ಕೆಲಸವನ್ನು ಹುಡುಕಿದೆ. ಉತ್ತರ ಅಮ್ಮನ ಕೊರಳಲ್ಲೇ ನೇತಾಡುತ್ತಿತ್ತು: ಅಳತೆ ಟೇಪು. ಮೊದಲ ಶಾಟ್‌ನಲ್ಲಿ ಅಮ್ಮನ ಕೈ ಮಗಳ ಬೆನ್ನ ಮೇಲೆ ಎಡ ಭುಜದಿಂದ ಬಲ ಭುಜಕ್ಕೆ ಟೇಪು ಎಳೆಯುತ್ತದೆ. ಎರಡನೆಯದರಲ್ಲಿ ಮಗಳ ಕೈ ಅಮ್ಮನ ಬೆನ್ನ ಮೇಲೆ ಎಳೆಯುತ್ತದೆ. ಟೇಪು ಅದೇ, ದಿಕ್ಕು ಅದೇ, ಕೈ ಬೇರೆ, ಬೆನ್ನು ಬೇರೆ. ಮೊದಲನೆಯದರಲ್ಲಿ ಅಮ್ಮ ‘ನೆಟ್ಟಗೆ ನಿಂತ್ಕೊ’ ಎನ್ನುತ್ತಾಳೆ. ಎರಡನೆಯದರಲ್ಲಿ ಮಗಳು ‘ನೆಟ್ಟಗೆ ನಿಂತ್ಕೊಳಮ್ಮ’ ಎನ್ನುತ್ತಾಳೆ.

ಅಮ್ಮ ಡೈ ಹಚ್ಚಿ ಎರಡು ತಿಂಗಳಾಗಿತ್ತು. ಆದ್ದರಿಂದ ಕಥೆಯ ಎರಡನೇ ಭಾಗವನ್ನು ಮೊದಲು ಚಿತ್ರೀಕರಿಸಿದೆವು. ಆ ರಾತ್ರಿ ಅಮ್ಮ ಕೂದಲಿಗೆ ಬಣ್ಣ ಹಚ್ಚಿಕೊಂಡರು. ಮರುದಿನ ಬೆಳಿಗ್ಗೆ ಅದೇ ಹತ್ತು ಗಂಟೆಗೆ, ಅದೇ ಕಿಟಕಿಯ ಬೆಳಕಿನಲ್ಲಿ ಹಳೆಯ ಕಾಲದ ಶಾಟ್ ತೆಗೆದೆವು.

ಇಲ್ಲಿ ಎಂಜಿನಿಯರಿಂಗ್ ಸ್ವಲ್ಪ ಉಪಯೋಗಕ್ಕೆ ಬಂತು. ಅಮ್ಮನ ಭುಜ ಅಗಲ, ಮಗುವಿನದ್ದು ಕಿರಿದು. ಎರಡನ್ನೂ ಒಂದೇ ದೂರದಿಂದ ತೆಗೆದರೆ ಕಟ್ ಆದಾಗ ಭುಜ ತಟ್ಟನೆ ಹಿಗ್ಗಿದಂತೆ ಕಾಣುತ್ತದೆ. ಲೆನ್ಸ್ ಬದಲಿಸದೆ ಇದ್ದರೆ ಪರದೆಯ ಮೇಲಿನ ಗಾತ್ರವು ವಸ್ತುವಿನ ಅಗಲವನ್ನು ದೂರದಿಂದ ಭಾಗಿಸಿದಷ್ಟು. ಅಮ್ಮನ ಭುಜ 13.5 ಇಂಚು, ಮೊಬೈಲ್ ಇದ್ದದ್ದು 90 ಸೆಂ.ಮೀ. ದೂರದಲ್ಲಿ. ಮಗುವಿನ ಭುಜ 12 ಇಂಚು. ಹಾಗಾದರೆ 90ನ್ನು 12ರಿಂದ ಗುಣಿಸಿ 13.5ರಿಂದ ಭಾಗಿಸಿದರೆ 80 ಸೆಂ.ಮೀ. ಮೊಬೈಲನ್ನು ಹತ್ತು ಸೆಂ.ಮೀ. ಮುಂದಕ್ಕೆ ತಂದರೆ ಸಾಕು. ಎತ್ತರ ಸರಿಹೋಗಲು ಮಗುವನ್ನು ಸ್ಟೂಲ್ ಮೇಲೆ ನಿಲ್ಲಿಸಿದೆವು. ಜೂಮ್ ಮುಟ್ಟಲಿಲ್ಲ. ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿದೆವು. ಇಲ್ಲದಿದ್ದರೆ ಬಿಳಿ ಯೂನಿಫಾರ್ಮ್ ಕಂಡೊಡನೆ ಮೊಬೈಲ್ ತಾನಾಗಿ ಬೆಳಕನ್ನು ತಗ್ಗಿಸಿಬಿಡುತ್ತದೆ.

ಲೆಕ್ಕ ಸರಿ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಬಹುದು. ಮೊದಲ ದಿನದ ಶಾಟ್‌ನಿಂದ ಒಂದು ಸ್ಥಿರಚಿತ್ರ ತೆಗೆದುಕೊಂಡೆ. ಮರುದಿನ ಪ್ರತಿ ಟೇಕ್ ಆದ ಮೇಲೆ ಅದನ್ನು ಎಡಿಟಿಂಗ್ ಆ್ಯಪ್‌ನಲ್ಲಿ ಅರ್ಧ ಪಾರದರ್ಶಕವಾಗಿಸಿ ಹೊಸ ಶಾಟ್‌ನ ಮೇಲಿಟ್ಟೆ. ಭುಜದ ಗೆರೆ ಒಂದರ ಮೇಲೊಂದು ಕೂತರೆ ಸರಿ. ಮೂರನೇ ಟೇಕ್‌ಗೆ ಕೂತಿತು. ಮೊಬೈಲ್ ಹತ್ತಿರ ಬಂದದ್ದರಿಂದ ಹಳೆಯ ಕಾಲದ ಶಾಟ್‌ನಲ್ಲಿ ಟೇಪು ತುಸು ಅಗಲವಾಗಿ ಕಂಡಿತು. ನೋಡಿದವರಲ್ಲಿ ಒಬ್ಬರೂ ಅದನ್ನು ಗಮನಿಸಲಿಲ್ಲ. ಕಟ್ ಆಗುವಾಗ ನೋಡುಗರ ಕಣ್ಣು ಚಲಿಸುತ್ತಿರುವ ಕೈಯ ಮೇಲಿರುತ್ತದೆ. ಹೊಸ ಶಾಟ್‌ನಲ್ಲಿ ಕೈ ಅದೇ ಜಾಗದಲ್ಲಿ ಸಿಕ್ಕರೆ ಉಳಿದ ಸಣ್ಣಪುಟ್ಟ ವ್ಯತ್ಯಾಸಗಳನ್ನು ಕಣ್ಣು ಮನ್ನಿಸುತ್ತದೆ.

ಎಲ್ಲಿ ಕತ್ತರಿಸಬೇಕು ಎನ್ನುವುದಕ್ಕೇ ಒಂದು ಇಡೀ ಸಂಜೆ ಹಿಡಿಯಿತು. ಟೇಪು ಬಲ ಭುಜ ತಲುಪಿ ನಿಂತ ಮೇಲೆ ಕತ್ತರಿಸಿದರೆ ಎರಡು ಫೋಟೊ ಪಕ್ಕಪಕ್ಕ ಇಟ್ಟ ಹಾಗಿತ್ತು. ಕೈ ಇನ್ನೂ ಓಡುತ್ತಿರುವಾಗ, ಕತ್ತಿನ ಹಿಂಭಾಗ ದಾಟುವಾಗ ಕತ್ತರಿಸಿದೆ. ಆಗ ಮೊದಲ ಕೈ ಶುರುಮಾಡಿದ್ದನ್ನು ಎರಡನೆಯ ಕೈ ಮುಗಿಸಿದ ಹಾಗಾಯಿತು. ಆದರೂ ಎಲ್ಲೋ ಹಾರಿದಂತೆ ಅನ್ನಿಸುತ್ತಿತ್ತು. ನಮ್ಮದು ಸೆಕೆಂಡಿಗೆ 25 ಫ್ರೇಮ್. ಹೊಸ ಶಾಟ್ ಅನ್ನು ಎರಡು ಫ್ರೇಮ್ ಹಿಂದಿನಿಂದ, ಅಂದರೆ ಕೈ ಆಗಲೇ ದಾಟಿದ ಜಾಗದಿಂದ ಮತ್ತೆ ಶುರುಮಾಡಿದೆ. ಲೆಕ್ಕದ ಪ್ರಕಾರ ಅದು ತಪ್ಪು, ಚಲನೆ ಒಂದಿಷ್ಟು ಪುನರಾವರ್ತನೆ ಆಗುತ್ತದೆ. ಆದರೆ ಹೊಸ ಚಿತ್ರವನ್ನು ಗುರುತು ಹಿಡಿಯಲು ಕಣ್ಣಿಗೆ ಬೇಕಾದ ಬಿಡುವು ಅಷ್ಟರಲ್ಲಿ ಸಿಗುತ್ತದೆ. ಹಾರಿಕೆ ಮಾಯವಾಯಿತು.

ಇನ್ನು ಉಳಿದದ್ದು ‘ಎಷ್ಟು ವರ್ಷ’ ಎನ್ನುವ ಪ್ರಶ್ನೆ. ಕಟ್ ಆದ ಕೂಡಲೇ ಇಡೀ ಕೋಣೆ ತೋರಿಸುವ ಆಸೆಯನ್ನು ತಡೆದುಕೊಂಡೆ. ಎರಡು ಸೆಕೆಂಡು ಬೆನ್ನು, ಟೇಪು, ಕೈ ಅಷ್ಟೇ. ಅಮ್ಮನ ಬಳೆಗಳಿದ್ದ ಜಾಗದಲ್ಲಿ ಈಗ ನನ್ನ ವಾಚು, ಯೂನಿಫಾರ್ಮಿನ ಜಾಗದಲ್ಲಿ ಹಳೆಯ ರವಿಕೆ, ಎರಡು ಜಡೆಗಳ ಜಾಗದಲ್ಲಿ ಬಿಳಿ ತುಂಬಿದ ತುರುಬು. ಆಮೇಲೆ ದೂರದ ಶಾಟ್. ಅದರಲ್ಲಿ ಗೋಡೆಯ ಕ್ಯಾಲೆಂಡರ್ ಬದಲಾಗಿದೆ, ಕಾಲಲ್ಲಿ ತುಳಿಯುತ್ತಿದ್ದ ಯಂತ್ರಕ್ಕೆ ಮೋಟಾರು ಬಂದಿದೆ, ಅಮ್ಮನ ಮೂಗಿನ ಮೇಲೆ ಕನ್ನಡಕ ಕೂತಿದೆ. ಡಿಸಾಲ್ವ್ ಬೇಕಾಗಲೇ ಇಲ್ಲ. ಇಡೀ ಸಿನಿಮಾದಲ್ಲಿ ಈಗ ಇರುವುದು ಈ ಒಂದೇ ಮ್ಯಾಚ್ ಕಟ್. ಮುಗಿಯುವಾಗ ಕಪ್ಪಿಗೆ ಇಳಿಯುವ ಒಂದು ಫೇಡ್. ಉತ್ಸಾಹದಲ್ಲಿ ಇನ್ನೊಂದು ಮ್ಯಾಚ್ ಕಟ್ ಸೇರಿಸಿದ್ದೆ, ತೆಗೆದುಹಾಕಿದೆ. ಎರಡನೆಯದು ಬಂದ ಕೂಡಲೇ ನೋಡುಗರು ಕಥೆ ಬಿಟ್ಟು ಮೂರನೆಯದನ್ನು ಹುಡುಕತೊಡಗುತ್ತಾರೆ.

ಈ ಸಲ ಕಥೆ ಗೊತ್ತಿಲ್ಲದ ಪಕ್ಕದ ಕೋಣೆಯ ಹುಡುಗಿಯರನ್ನು ಕರೆದೆ. ದೂರದ ಶಾಟ್ ಮುಗಿದ ತಕ್ಷಣ ಸಿನಿಮಾ ನಿಲ್ಲಿಸಿ, ‘ಅಳತೆ ತಗೊಳ್ತಿರೋದು ಯಾರು? ಎಷ್ಟು ಕಾಲ ಆಗಿದೆ?’ ಎಂದು ಕೇಳಿದೆ. ‘ಆ ಪುಟ್ಟ ಹುಡುಗಿನೇ. ಹತ್ತು, ಹನ್ನೆರಡು ವರ್ಷ ಆಗಿರಬೇಕು’ ಎಂದರು. ಯಾರೂ ನಗಲಿಲ್ಲ.

ಒಂದು ಮಾತು ಹೇಳಲೇಬೇಕು. ಆ ಶಾಟ್ ತೆಗೆಯುವಾಗ ಟೇಪು ಬಿಗಿ ಹಿಡಿದು ನಾನು ನಿಜವಾದ ಅಳತೆಯನ್ನೇ ಓದಿದ್ದೆ: ‘ಹದಿಮೂರೂವರೆ.’ ಅಮ್ಮ ತಿರುಗದೆ ಕೇಳಿದರು, ‘ಹದಿನಾಲ್ಕಲ್ವೇನೇ? ಸರಿಯಾಗಿ ನೋಡು.’ ಅಮ್ಮನ ಅಳತೆ ಪುಸ್ತಕದಲ್ಲಿ ಹದಿನಾಲ್ಕು ಎಂದೇ ಇದೆ. ನಾನು ಮತ್ತೊಮ್ಮೆ ಎಳೆದು ನೋಡಿದೆ. ಹದಿಮೂರೂವರೆಯೇ.

ಸ್ಕ್ರಿಪ್ಟ್‌ನಲ್ಲಿ ಇಲ್ಲದಿದ್ದ ಆ ಮಾತನ್ನು ಹಾಗೇ ಉಳಿಸಿಕೊಂಡಿದ್ದೇನೆ.