ಹಿಂದಿನ ಮನೆಯ ಮಾಲೀಕರಿಗೊಂದು ಪತ್ರ

ಬಾಡಿಗೆಗೆ ಮನೆ ಕೇಳಿಕೊಂಡು ಬಂದವರ ಆಧಾರ್ ಕಾರ್ಡ್, ಕಂಪನಿಯ ಗುರುತಿನ ಚೀಟಿ, ಸಂಬಳದ ಚೀಟಿ ಎಲ್ಲವನ್ನೂ ನೋಡುವ ಮಾಲೀಕರು, 'ಮೊದಲು ಎಲ್ಲಿದ್ದಿರಿ?' ಎಂದು ಮಾತಿಗೆ ಕೇಳಿ ಸುಮ್ಮನಾಗುತ್ತಾರೆ. ಸಂಬಳದ ಚೀಟಿ ನೋಡಿದರೆ ಬಾಡಿಗೆ ಕಟ್ಟುವ ಶಕ್ತಿ ಇದೆಯೇ ಎಂದು ತಿಳಿಯಬಹುದು, ಕಟ್ಟುವ ರೂಢಿ ಇದೆಯೇ ಎಂದು ತಿಳಿಯುವುದಿಲ್ಲ. ಅದು ಗೊತ್ತಿರುವುದು ಹಿಂದಿನ ಮನೆಯವರಿಗೆ.

ಅವರಿಗೆ ಫೋನು ಮಾಡಿ 'ಹೇಗಿದ್ದಾರೆ ಜನ?' ಎಂದರೆ, 'ಒಳ್ಳೆಯವರೇ ಸಾರ್' ಎಂಬ ಉತ್ತರ ಬರುತ್ತದೆ. ಇದಕ್ಕೆ ಬೆಲೆಯಿಲ್ಲ. ಬಾಡಿಗೆದಾರ ಇನ್ನೂ ಅದೇ ಮನೆಯಲ್ಲಿದ್ದರಂತೂ ಈ ಮಾತನ್ನು ನಂಬುವುದು ಕಷ್ಟ, ಏಕೆಂದರೆ ಕಾಟ ಕೊಡುತ್ತಿರುವವನನ್ನು ಸಾಗಹಾಕಲು ಹೊಗಳಿಕೆಗಿಂತ ಸುಲಭದ ದಾರಿ ಇಲ್ಲ. ಆದ್ದರಿಂದ ಈಗಿನ ಮಾಲೀಕರ ಜೊತೆಗೆ, ಅವರಿಗಿಂತ ಹಿಂದಿನವರನ್ನೂ ಕೇಳುವುದು ಜಾಣತನ. ಅವರಿಗೆ ಇದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ಎರಡು ಕೋಣೆಯ ಮನೆಯಿರುವ ನಿವೃತ್ತ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ಬೆಂಗಳೂರಿನಿಂದ ವರ್ಗವಾಗಿ ಬಂದ ದಂಪತಿ ಮನೆ ಕೇಳಿದ್ದಾರೆ. ಶಿಕ್ಷಕಿ ಮೊದಲು ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುತ್ತಾರೆ. ಹಳೆಯ ಬಾಡಿಗೆ ಕರಾರಿನ ಪ್ರತಿಯನ್ನೂ ಕೇಳುತ್ತಾರೆ. ಗೆಳೆಯನ ನಂಬರ್ ಕೊಟ್ಟು 'ಇವರೇ ಓನರ್' ಎನ್ನುವವರೂ ಇದ್ದಾರೆ. ಕರಾರಿನಲ್ಲಿರುವ ಹೆಸರು, ಮನೆಯ ಆಸ್ತಿ ತೆರಿಗೆ ರಸೀದಿಯಲ್ಲಿರುವ ಹೆಸರು, ಫೋನಿನಲ್ಲಿ ಮಾತಾಡುವವರು ಹೇಳುವ ಹೆಸರು ಮೂರೂ ತಾಳೆಯಾಗಬೇಕು. ಆಮೇಲೆ ಪತ್ರ:

'ಮಾನ್ಯರೇ, ತಮ್ಮ ಮನೆಯಲ್ಲಿ ಬಾಡಿಗೆಗಿದ್ದ ಇವರು ಈಗ ನಮ್ಮ ಮನೆ ಕೇಳಿದ್ದಾರೆ. ಅವರ ಒಪ್ಪಿಗೆ ಪತ್ರ ಜೊತೆಗಿದೆ. ಅವರು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಇದ್ದರು? ಬಾಡಿಗೆ ಯಾವ ತಾರೀಖಿಗೆ ಬರಬೇಕಿತ್ತು, ಎಷ್ಟು ತಿಂಗಳು ತಡವಾಯಿತು, ತಡವಾಗುವುದನ್ನು ಮೊದಲೇ ತಿಳಿಸುತ್ತಿದ್ದರೇ? ಕರೆಂಟ್, ನೀರಿನ ಬಿಲ್ ಬಾಕಿ ಉಳಿದಿತ್ತೇ? ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದಿರಿ, ಯಾವುದಕ್ಕೆ? ರಿಪೇರಿ ಇದ್ದರೆ ಕೂಡಲೇ ಹೇಳುತ್ತಿದ್ದರೇ? ಮತ್ತೆ ಮನೆ ಕೇಳಿದರೆ ಕೊಡುತ್ತೀರಾ? ಗೊತ್ತಿಲ್ಲದ್ದನ್ನು ಖಾಲಿ ಬಿಡಿ. ತಮ್ಮ ಉತ್ತರವನ್ನು ಬೇರೆ ಯಾರಿಗೂ ತೋರಿಸುವುದಿಲ್ಲ.'

ಈ ಪ್ರಶ್ನೆಗಳಲ್ಲಿ ಬಹಳಷ್ಟಕ್ಕೆ ಬ್ಯಾಂಕ್ ಪಾಸ್‌ಬುಕ್ ನೋಡಿ ಉತ್ತರ ಬರೆಯಬಹುದು. ಸ್ವಭಾವದ ಬಗ್ಗೆ ತೀರ್ಪು ಕೊಡಿ ಎಂದಾಗ ಹಿಂಜರಿಯುವವರು ತಾರೀಖು, ಮೊತ್ತ ಕೇಳಿದರೆ ಹಿಂಜರಿಯುವುದು ಕಡಿಮೆ. ಪತ್ರದಲ್ಲಿ ಜಾತಿ, ಅಡುಗೆ, ಮನೆಗೆ ಬಂದುಹೋಗುವವರ ಸುದ್ದಿ ಇಲ್ಲ ಎಂಬುದನ್ನೂ ಗಮನಿಸಿ. ನಮ್ಮಲ್ಲಿ ಅನೇಕರು ಮೊದಲು ಕೇಳುವುದೇ ಅದನ್ನು. ಅದರಿಂದ ಬಾಡಿಗೆ ಸರಿಯಾಗಿ ಬರುತ್ತದೆಯೋ ಇಲ್ಲವೋ ಎಂಬುದು ಕೂದಲೆಳೆಯಷ್ಟೂ ತಿಳಿಯುವುದಿಲ್ಲ.

ಉತ್ತರ ಹೀಗೆ ಬಂತೆನ್ನಿ: 24 ತಿಂಗಳು ಇದ್ದರು, ಬಾಡಿಗೆ 18,000 ರೂಪಾಯಿ, 5ನೇ ತಾರೀಖಿನ ಗಡುವು ನಾಲ್ಕು ಸಲ ತಪ್ಪಿತು, ಮೂರು ಸಲ ಮೊದಲೇ ಹೇಳಿದ್ದರು. ಒಂದು ಲಕ್ಷ ಅಡ್ವಾನ್ಸ್‌ನಲ್ಲಿ 25,000 ಹಿಡಿಯಲಾಯಿತು.

ಈ 25,000 ನೋಡಿ ಗಾಬರಿಯಾಗಬೇಕಿಲ್ಲ. ಅದರಲ್ಲಿ 18,000 ಪೇಂಟಿಂಗ್‌ಗೆ ಹೋಯಿತು. ಬಿಟ್ಟು ಹೋಗುವಾಗ ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆಂದು ಹಿಡಿಯುವುದು ಬೆಂಗಳೂರಿನ ಕರಾರುಗಳಲ್ಲಿ ಸಾಮಾನ್ಯ, ಅದು ಬಾಡಿಗೆದಾರರ ತಪ್ಪಿನ ಲೆಕ್ಕವಲ್ಲ. ನೋಡಬೇಕಾದದ್ದು ಉಳಿದ 7,000. ಅಡುಗೆಮನೆಯ ಸಿಂಕ್ ಕೆಳಗಿನ ಪೈಪು ತಿಂಗಳುಗಟ್ಟಲೆ ಸೋರಿ, ಪ್ಲೈವುಡ್ ಬಾಗಿಲು ಉಬ್ಬಿಹೋಗಿತ್ತು, ಅವರು ಹೇಳಿರಲಿಲ್ಲ. ಗೋಡೆಗೆ ಹೊಡೆದ ಮೊಳೆ, ಮಾಸಿದ ಬಣ್ಣ ವಾಸದ ಸವೆತ. ಸೋರಿಕೆಯನ್ನು ಮುಚ್ಚಿಟ್ಟದ್ದು ಅಜಾಗ್ರತೆ. ಹಾಗೆಯೇ ನಾಲ್ಕು ತಡಗಳಿಗಿಂತ, ಹೇಳದೇ ಆದ ಆ ಒಂದು ತಡದ ಬಗ್ಗೆ ದಂಪತಿಯನ್ನು ಕೇಳಬೇಕು. ಅಡ್ವಾನ್ಸ್ ಜಗಳದಲ್ಲಿ ಸಿಟ್ಟಾದ ಮಾಲೀಕರೂ ಹೀಗೆ ಬರೆಯಬಹುದಾದ್ದರಿಂದ, ಅವರ ಕಡೆಯ ಮಾತು ಕೇಳದೆ ತೀರ್ಮಾನಿಸುವುದು ಅನ್ಯಾಯ.

ಇನ್ನು ಉತ್ತರ ಬರೆಯುವವರ ಅಳುಕು: 'ಇದ್ದದ್ದು ಬರೆದರೆ ಮಾನನಷ್ಟದ ಕೇಸು ಹಾಕಿದರೆ?' ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು, ತನ್ನ ಅಥವಾ ಇನ್ನೊಬ್ಬರ ಹಿತರಕ್ಷಣೆಗಾಗಿ ಸದುದ್ದೇಶದಿಂದ ಹೇಳಿದ ಮಾತಿಗೆ ವಿನಾಯಿತಿ ಕೊಡುತ್ತದೆ. ಕೇಳಿದ್ದಕ್ಕಷ್ಟೇ, ದಾಖಲೆಯಿರುವುದನ್ನಷ್ಟೇ ಬರೆದರೆ ಹೆದರುವ ಕಾರಣ ಕಡಿಮೆ. 'ಮೋಸಗಾರ' ಎಂದು ಬರೆಯುವುದಕ್ಕೂ 'ಮಾರ್ಚ್ ಬಾಡಿಗೆ 22ಕ್ಕೆ ಬಂತು' ಎಂದು ಬರೆಯುವುದಕ್ಕೂ ಬಹಳ ಅಂತರ.

ದಂಪತಿ ಸೋರಿಕೆಯ ವಿಷಯ ಒಪ್ಪಿಕೊಂಡರೆ ಶಿಕ್ಷಕಿ ಮನೆ ಕೊಡಬಹುದು. ಕರಾರಿಗೆ ಎರಡು ಸಾಲು ಸೇರಿಸಿದರಾಯಿತು: ಬಾಡಿಗೆ 5ಕ್ಕೆ ಬ್ಯಾಂಕಿನಿಂದ ತಾನಾಗಿ ವರ್ಗವಾಗಬೇಕು, ನೀರು ಸೋರಿದರೆ ಎರಡು ದಿನದೊಳಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಬೇಕು.