ಕರೆಪತ್ರ ಹೇಳದ ಉಡುಪು

ಐಬಿಪಿಎಸ್ ನಡೆಸುವ ಪ್ರೊಬೇಷನರಿ ಆಫೀಸರ್ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆ ದಾಟಿದವರಿಗೆ ಸಂದರ್ಶನದ ಕರೆಪತ್ರ ಬರುತ್ತದೆ. ಅಂತಿಮ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ತೂಕ. ಕರೆಪತ್ರದಲ್ಲಿ ಸ್ಥಳ, ಸಮಯ, ದಾಖಲೆಗಳ ಪಟ್ಟಿ ಎಲ್ಲ ಇದ್ದರೂ ಏನು ತೊಡಬೇಕೆಂಬ ಮಾತಿರುವುದಿಲ್ಲ.

ಉತ್ತರ ಹತ್ತಿರದ ಸರ್ಕಾರಿ ಬ್ಯಾಂಕಿನ ಶಾಖೆಯಲ್ಲೇ ಇದೆ. ಸೋಮವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಮ್ಯಾನೇಜರ್ ಏನು ಹಾಕಿದ್ದಾರೆಂದು ನೋಡಿ. ಸಾಮಾನ್ಯವಾಗಿ ಪ್ಯಾಂಟಿನೊಳಗೆ ಸೇರಿಸಿದ ಶರ್ಟು, ಬೆಲ್ಟು, ಶೂ; ಮಹಿಳೆಯಾದರೆ ಸೀರೆ ಅಥವಾ ಚೂಡಿದಾರ. ಅದೇ ಉಡುಪನ್ನು ಇನ್ನೊಂದಿಷ್ಟು ಅಚ್ಚುಕಟ್ಟಾಗಿ ತೊಟ್ಟರೆ ಸಾಕು. ತಿಳಿಬಣ್ಣದ ತುಂಬುತೋಳಿನ ಶರ್ಟು, ಕಡುಬಣ್ಣದ ಪ್ಯಾಂಟು, ಕಪ್ಪು ಶೂ ಇದ್ದಲ್ಲಿ ಟೈ ಇಲ್ಲದಿದ್ದರೂ ಕೊರತೆಯೆನಿಸದು. ಗೆಳೆಯನಿಂದ ಎರವಲು ತಂದ ಕೋಟು ಭುಜದಲ್ಲಿ ಜೋಲುತ್ತಿದ್ದರೆ ಕೋಟಿಲ್ಲದಿರುವುದೇ ಮೇಲು. ಸೀರೆ ಉಟ್ಟು ಅಭ್ಯಾಸವಿಲ್ಲದ ಹುಡುಗಿಯರು ಅಂದೇ ಮೊದಲಬಾರಿ ಉಡಬಾರದು. ಸೆರಗು ಸರಿಪಡಿಸುವುದರಲ್ಲೇ ಗಮನ ಹೋಗುತ್ತದೆ. ದುಪಟ್ಟಾಗೆ ಪಿನ್ ಹಾಕಿದ ಸಾದಾ ಚೂಡಿದಾರ ಅಷ್ಟೇ ಗೌರವದ ಉಡುಪು.

ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು. ಸಂದರ್ಶಕರು ನಿಮ್ಮನ್ನು ಹೆಚ್ಚು ಹೊತ್ತು ನೋಡುವುದು ಕುಳಿತಾಗ. ಮನೆಯಲ್ಲೇ ಎಲ್ಲ ತೊಟ್ಟು ಕುರ್ಚಿಯಲ್ಲಿ ಕುಳಿತುಕೊಳ್ಳಿ. ಹೊಟ್ಟೆಯ ಬಳಿ ಗುಂಡಿಗಳ ನಡುವೆ ಬಾಯಿ ಬಿಟ್ಟರೆ ಶರ್ಟು ಬಿಗಿ. ಪ್ಯಾಂಟು ಮೇಲೇರಿ ಕಾಲು ಕಂಡರೆ ಸಾಕ್ಸ್ ಗಿಡ್ಡ. ಹೊಸ ಶೂವನ್ನು ಕೆಲವು ದಿನ ಮೊದಲೇ ಮನೆಯಲ್ಲಿ ಹಾಕಿ ಓಡಾಡದಿದ್ದರೆ ದಾಖಲೆ ಪರಿಶೀಲನೆಗೆ ಕಾಯುವಾಗಲೇ ಹಿಮ್ಮಡಿ ಕಚ್ಚುತ್ತದೆ.

ಶಿರಸಿಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಬೆಳಿಗ್ಗೆ 9 ಗಂಟೆಗೆ ಹಾಜರಾಗಬೇಕು ಎಂದುಕೊಳ್ಳಿ. ರಾತ್ರಿ ಬಸ್ಸಿಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹತ್ತಿದರೆ ಇಳಿಯುವಾಗ ಬೆನ್ನೆಲ್ಲ ಮುದುಡಿರುತ್ತದೆ. ಅಪ್ಪಟ ಹತ್ತಿಯಾದರೆ ಇನ್ನೂ ಹೆಚ್ಚು. ಹಾಗಾಗಿ ಟೀ ಶರ್ಟಿನಲ್ಲಿ ಪ್ರಯಾಣ ಮಾಡಿ, ಪಾಲಿಯೆಸ್ಟರ್ ಬೆರೆತ ಹತ್ತಿಯ ಶರ್ಟನ್ನು ಹ್ಯಾಂಗರ್ ಸಮೇತ ಕವರಿನಲ್ಲಿ ತಂದು, ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಸ್ನಾನ ಮಾಡಿ ಬದಲಿಸಿಕೊಳ್ಳುವುದು ಸರಿ. ಪಕ್ಕದ ಊರಿನವರಿಗೆ ಈ ತಾಪತ್ರಯವಿಲ್ಲ.

ಬಟ್ಟೆಯ ಬಗ್ಗೆ ಮೌನವಾಗಿರುವ ಐಬಿಪಿಎಸ್ ರೂಪದ ಬಗ್ಗೆ ಮಾತ್ರ ಸ್ಪಷ್ಟವಾಗಿ ಹೇಳುತ್ತದೆ. ನೇಮಕಾತಿ ಮುಗಿಯುವವರೆಗೆ ಚಹರೆ ಬದಲಿಸಬೇಡಿ ಎಂಬುದು ಅದರ ಸೂಚನೆ. ಅರ್ಜಿಯ ಫೋಟೋದಲ್ಲಿ ಗಡ್ಡವಿಲ್ಲದಿದ್ದು ಈಗ ದಟ್ಟವಾಗಿ ಬೆಳೆದಿದ್ದರೆ ಅದನ್ನು ಬೋಳಿಸಿಕೊಂಡು ಹೋಗಿ. ಗುರುತು ಹೋಲಿಸಿ ನೋಡುವವರಿಗೆ ಅನುಮಾನ ಬಾರದು. ಬೆರಳಚ್ಚು ತೆಗೆಯಬಹುದಾದ್ದರಿಂದ ಬೆರಳಿಗೆ ಮೆಹಂದಿ, ಶಾಯಿ ಇರಕೂಡದು. ಆ ತಿಂಗಳು ಮನೆಯಲ್ಲಿ ಮದುವೆಯಿದ್ದರೆ ಅಕ್ಕತಂಗಿಯರು ಕರೆದರೂ ಬೆರಳ ತುದಿಗೆ ಮೆಹಂದಿ ಹಚ್ಚಿಸಿಕೊಳ್ಳಬೇಡಿ. ತೊಳೆದರೆ ಒಂದೇ ದಿನಕ್ಕೆ ಹೋಗುವ ಬಣ್ಣವಲ್ಲ ಅದು.